ಆರೇಳು ನೆರೆಯವರ ಲೆಕ್ಕ: ಕಬ್ಬಕ್ಕಿ ಹಿಂಡಿನ ಅಧ್ಯಯನ ನಡೆದುಬಂದ ದಾರಿ

ಮಳೆಗಾಲ ಮುಗಿದು ಜೋಳ, ಸಜ್ಜೆ ತೆನೆ ಕಟ್ಟುವ ಹೊತ್ತಿಗೆ ತುಮಕೂರು ಸೀಮೆಗೆ ಗುಲಾಬಿ ಕಬ್ಬಕ್ಕಿಗಳು ಬಂದಿಳಿಯುತ್ತವೆ. ತಲೆ, ರೆಕ್ಕೆ, ಬಾಲ ಕಪ್ಪು. ಬೆನ್ನು, ಹೊಟ್ಟೆ ಮಾಸಲು ಗುಲಾಬಿ. ಮಧ್ಯ ಏಷ್ಯಾದ ಕಲ್ಲುಗುಡ್ಡಗಳಲ್ಲಿ ಮರಿ ಮಾಡಿ, ಅಲ್ಲಿಯ ಮಿಡತೆ ತಿಂದು ಬೆಳೆದ ಹಕ್ಕಿಗಳಿವು. ಇಲ್ಲಿ ಕಾಳು, ಹುಳು, ಆಲ-ಅರಳಿಯ ಹಣ್ಣು, ಬೇಸಿಗೆ ಹತ್ತಿರವಾದಂತೆ ಮುತ್ತುಗ ಮತ್ತು ಬೂರುಗದ ಹೂವಿನ ಮಕರಂದ ಉಂಡು ಏಪ್ರಿಲ್ ವೇಳೆಗೆ ಮರಳುತ್ತವೆ. ಗುಬ್ಬಿ, ಕುಣಿಗಲ್ ಕಡೆಯ ಹೊಲದವರಿಗೆ ಇವು ತೆನೆಗೆ ಬೀಳುವ ಹಕ್ಕಿ. ಹಗಲೆಲ್ಲ ಚಿಕ್ಕ ಗುಂಪುಗಳಾಗಿ ಚದುರಿ ಮೇಯುವ ಇವು ಹೊತ್ತು ಮುಳುಗುವ ಮುನ್ನ ಒಂದೆಡೆ ಕೂಡುತ್ತವೆ. ರಾತ್ರಿ ತಂಗಲು ಜಾಲಿಮರವನ್ನೋ ಕೆರೆಯಂಗಳದ ಜೊಂಡನ್ನೋ ಆರಿಸಿಕೊಂಡು, ಅದರಲ್ಲಿ ಇಳಿಯುವ ಮೊದಲು ಆಕಾಶದಲ್ಲಿ ಒಟ್ಟಾಗಿ ಸುತ್ತು ಹಾಕುತ್ತವೆ. ಹಿಂಡು ಹಿಗ್ಗುತ್ತದೆ, ಕುಗ್ಗುತ್ತದೆ, ತಟ್ಟನೆ ಪೂರ್ತಿಯಾಗಿ ಹೊರಳುತ್ತದೆ. ಆದರೂ ಹಕ್ಕಿಗೆ ಹಕ್ಕಿ ಡಿಕ್ಕಿ ಹೊಡೆಯುವುದಿಲ್ಲ.

ಈ ಹೊರಳಾಟಕ್ಕೆ ಅಪ್ಪಣೆ ಕೊಡುವವರು ಯಾರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರಗಳು ನೂರು ವರ್ಷಗಳಲ್ಲಿ ಬಹಳ ಬದಲಾಗಿವೆ. 1931ರಲ್ಲಿ ಇಂಗ್ಲೆಂಡಿನ ಪಕ್ಷಿವೀಕ್ಷಕ ಎಡ್ಮಂಡ್ ಸೆಲೂಸ್, ಹಕ್ಕಿಗಳ ನಡುವೆ ಮನಸ್ಸಿನಿಂದ ಮನಸ್ಸಿಗೆ ಆಲೋಚನೆ ಹರಿಯುತ್ತಿರಬೇಕು ಎಂದು ಪುಸ್ತಕವನ್ನೇ ಬರೆದ. ಇಂದು ವಿಚಿತ್ರ ಎನಿಸಬಹುದು. ಆದರೆ ಬರಿಗಣ್ಣಿನಿಂದ ದಶಕಗಟ್ಟಲೆ ನೋಡಿದ ಪ್ರಾಮಾಣಿಕ ವೀಕ್ಷಕನಿಗೆ ಅಂದು ಬೇರೆ ದಾರಿ ಕಾಣಲಿಲ್ಲ. ಹಿಂಡಿನ ಮುಂದೆ ನಾಯಕ ಎಂಬುವವನು ಅವನ ಕಣ್ಣಿಗೆ ಬಿದ್ದಿರಲಿಲ್ಲ, ಆ ಮಟ್ಟಿಗೆ ಅವನು ಸರಿಯಾಗಿಯೇ ನೋಡಿದ್ದ.

ಅಳತೆಯ ಕಾಲ ಶುರುವಾದದ್ದು ಸಿನಿಮಾ ಕ್ಯಾಮೆರಾದಿಂದ. 1984ರಲ್ಲಿ ಅಮೆರಿಕದ ವೇಯ್ನ್ ಪಾಟ್ಸ್ ಕಡಲತೀರದ ಡನ್ಲಿನ್ ಎಂಬ ಪುಟ್ಟ ಹಕ್ಕಿಗಳ ಹಿಂಡನ್ನು ಚಿತ್ರೀಕರಿಸಿ ಒಂದೊಂದೇ ಫ್ರೇಮ್ ನೋಡಿದ. ತಿರುವು ಎಲ್ಲೋ ಒಂದು ಹಕ್ಕಿಯಿಂದ ಹೊರಟು ಅಲೆಯಾಗಿ ಹಬ್ಬುತ್ತಿತ್ತು. ಒಂದು ಹಕ್ಕಿಯಿಂದ ಪಕ್ಕದ ಹಕ್ಕಿಗೆ ಅಲೆ ದಾಟಲು ಸೆಕೆಂಡಿನ ಸಾವಿರದಲ್ಲಿ ಸುಮಾರು 15 ಪಾಲು ಸಾಕಾಗುತ್ತಿತ್ತು. ಪ್ರಯೋಗಾಲಯದಲ್ಲಿ ಅದೇ ಹಕ್ಕಿ ಬೆಚ್ಚಿಬೀಳಲು 38 ಪಾಲು ಬೇಕಿತ್ತು. ಎಂದರೆ ಪಕ್ಕದವನು ತಿರುಗಿದ ಮೇಲೆ ತಿರುಗುವುದಲ್ಲ, ದೂರದಿಂದ ಬರುತ್ತಿರುವ ಅಲೆಯನ್ನು ಕಂಡು ಸಿದ್ಧವಾಗಿರುವುದು ಎಂದು ಪಾಟ್ಸ್ ವಾದಿಸಿದ.

ಮುಂದಿನ ಹೆಜ್ಜೆ ಬಂದದ್ದು ಕಂಪ್ಯೂಟರ್ ಚಿತ್ರಣದವರಿಂದ. 1987ರಲ್ಲಿ ಕ್ರೇಗ್ ರೆನಾಲ್ಡ್ಸ್ ತೆರೆಯ ಮೇಲಿನ ಹಕ್ಕಿಗಳಿಗೆ ಮೂರೇ ನಿಯಮ ಕೊಟ್ಟ: ತೀರಾ ಹತ್ತಿರ ಬಂದವರಿಂದ ಸರಿ, ಸುತ್ತಲಿನವರು ಹೋಗುವ ದಿಕ್ಕಿಗೇ ಹೋಗು, ಗುಂಪಿನಿಂದ ದೂರವಾಗಬೇಡ. ಅಷ್ಟರಿಂದಲೇ ತೆರೆಯ ಮೇಲೆ ನಿಜವೆನಿಸುವ ಹಿಂಡು ಹಾರಿತು. 1995ರಲ್ಲಿ ಹಂಗೆರಿಯ ತಮಾಶ್ ವಿಚೆಕ್ ಮತ್ತು ಸಂಗಡಿಗರು ಇದನ್ನು ಇನ್ನೂ ಬೋಳಿಸಿ ಒಂದೇ ನಿಯಮಕ್ಕೆ ತಂದರು: ನಿನ್ನ ಸುತ್ತ ಇಷ್ಟು ದೂರದೊಳಗೆ ಇರುವವರ ಸರಾಸರಿ ದಿಕ್ಕನ್ನು ಹಿಡಿ, ಸ್ವಲ್ಪ ತಪ್ಪು ಸೇರಿಸು. ತಪ್ಪು ಹೆಚ್ಚಿದ್ದಾಗ ಎಲ್ಲರೂ ದಿಕ್ಕಾಪಾಲು. ತಪ್ಪು ಕಡಿಮೆಯಾಗಿ ಜನ ದಟ್ಟವಾದಾಗ ಎಲ್ಲರೂ ಒಂದೇ ದಿಕ್ಕು. ಭೌತವಿಜ್ಞಾನಿಗಳು ಹಕ್ಕಿಯ ಕಡೆ ಕಣ್ಣು ಹಾಯಿಸಿದ್ದು ಇಲ್ಲಿಂದ ಮುಂದೆ.

ಆದರೆ ಈ ಮಾದರಿಗಳೆಲ್ಲ ಒಂದು ಊಹೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದವು. ನೆರೆಯವರು ಎಂದರೆ ಇಷ್ಟು ಮೀಟರ್ ಒಳಗಿರುವವರು ಎಂಬ ಊಹೆ. ಅದು ತಪ್ಪು ಎಂದು ತೋರಿಸಿದ ಕೆಲಸವೇ ಈ ಕ್ಷೇತ್ರದಲ್ಲಿ ಅತಿ ಮುಖ್ಯವಾದದ್ದು ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ರೋಮ್ ನಗರದ ಮುಖ್ಯ ರೈಲು ನಿಲ್ದಾಣದ ಬಳಿ ಪಲಾತ್ಸೊ ಮಾಸ್ಸಿಮೊ ಎಂಬ ವಸ್ತುಸಂಗ್ರಹಾಲಯವಿದೆ. ಚಳಿಗಾಲದಲ್ಲಿ ನಿಲ್ದಾಣದ ಎದುರಿನ ಮರಗಳಿಗೆ ತಂಗಲು ಬರುವುದು ನಮ್ಮ ಗುಲಾಬಿ ಕಬ್ಬಕ್ಕಿಯ ಹತ್ತಿರದ ನೆಂಟ, ಯುರೋಪಿನ ಸಾಮಾನ್ಯ ಸ್ಟಾರ್ಲಿಂಗ್. ಆಂಡ್ರಿಯಾ ಕವಾನ್ಯಾ, ಐರೀನ್ ಜರ್ದೀನಾ, ಜಾರ್ಜೊ ಪರೀಸಿ ಮುಂತಾದವರ ತಂಡ ಆ ಕಟ್ಟಡದ ತಾರಸಿಯ ಮೇಲೆ 25 ಮೀಟರ್ ಅಂತರದಲ್ಲಿ ಕ್ಯಾಮೆರಾಗಳನ್ನು ನಿಲ್ಲಿಸಿ, ಒಂದೇ ಕ್ಷಣದಲ್ಲಿ ಎಲ್ಲವೂ ಕ್ಲಿಕ್ ಆಗುವಂತೆ ಜೋಡಿಸಿ, ಸೆಕೆಂಡಿಗೆ 10 ಚಿತ್ರ ತೆಗೆಯಿತು. ಹಿಂಡು ಸುಮಾರು 100 ಮೀಟರ್ ಆಚೆ. ನಿಜವಾದ ತೊಡಕು ಚಿತ್ರ ತೆಗೆದ ಮೇಲೆ ಎದುರಾಯಿತು. ಎಡಗಡೆಯ ಚಿತ್ರದಲ್ಲಿ ಎರಡು ಸಾವಿರ ಕಪ್ಪು ಚುಕ್ಕೆ, ಬಲಗಡೆಯ ಚಿತ್ರದಲ್ಲೂ ಎರಡು ಸಾವಿರ ಕಪ್ಪು ಚುಕ್ಕೆ. ಇಲ್ಲಿಯ ಚುಕ್ಕೆ ಅಲ್ಲಿ ಯಾವುದು? ಒಂದು ಜೋಡಿ ತಪ್ಪಿದರೂ ಹಕ್ಕಿ ಇಲ್ಲದ ಜಾಗದಲ್ಲಿ ಹಕ್ಕಿ ಹುಟ್ಟುತ್ತದೆ. ಅದಕ್ಕಾಗಿಯೇ ಮೂರನೆಯ ಕ್ಯಾಮೆರಾ ಇಟ್ಟು, ಜೋಡಿ ಹೊಂದಿಸುವ ಲೆಕ್ಕಕ್ರಮ ರೂಪಿಸಿದರು. ಹಿಂದಿನವರು ಕೆಲವೇ ಹತ್ತು ಹಕ್ಕಿಗಳನ್ನು ಮೂರು ಆಯಾಮದಲ್ಲಿ ಗುರುತಿಸಿದ್ದರೆ, ಇವರು ಎರಡೂವರೆ ಸಾವಿರಕ್ಕೂ ಹೆಚ್ಚು ಹಕ್ಕಿಗಳ ಹಿಂಡಿನಲ್ಲಿ ಒಂದೊಂದರ ಜಾಗವನ್ನೂ ಹಿಡಿದರು.

ಫಲಿತಾಂಶ ಪ್ರಕಟವಾದದ್ದು 2008ರಲ್ಲಿ. ಮೊದಲು ಅವರು ಪ್ರತಿ ಹಕ್ಕಿಗೂ ಅತಿ ಹತ್ತಿರದ ನೆರೆಯ ಹಕ್ಕಿ ಯಾವ ದಿಕ್ಕಿನಲ್ಲಿದೆ ಎಂದು ನೋಡಿದರು. ನೆರೆಯ ಹಕ್ಕಿ ಅಕ್ಕಪಕ್ಕದಲ್ಲಿರುವುದು ಹೆಚ್ಚು, ನೇರ ಮುಂದೆ ಹಿಂದೆ ಇರುವುದು ತೀರಾ ಕಡಿಮೆ. ಎರಡನೆಯ ನೆರೆಯವನಲ್ಲೂ ಹಾಗೆಯೇ, ಮೂರನೆಯವನಲ್ಲೂ ಹಾಗೆಯೇ, ಆದರೆ ಪ್ರತಿ ಸಲ ಸ್ವಲ್ಪ ಮಂಕು. ಆರು-ಏಳನೆಯವನಿಗೆ ಬರುವಷ್ಟರಲ್ಲಿ ಈ ಒಲವು ಅಳಿಸಿಹೋಗುತ್ತದೆ. ಆಮೇಲಿನವರು ಯಾವ ದಿಕ್ಕಿನಲ್ಲಾದರೂ ಇರಬಹುದು. ಎಂದರೆ ಹಕ್ಕಿಯ ಗಮನ ಅಲ್ಲಿಗೆ ಮುಗಿಯಿತು. ಈಗ ಬೇರೆ ಬೇರೆ ಹಿಂಡುಗಳನ್ನು ಹೋಲಿಸಿದರು. ಒಂದು ಹಿಂಡಿನಲ್ಲಿ ಪಕ್ಕದ ಹಕ್ಕಿ ಮುಕ್ಕಾಲು ಮೀಟರ್‌ಗಿಂತಲೂ ಹತ್ತಿರ, ಇನ್ನೊಂದರಲ್ಲಿ ಒಂದೂವರೆ ಮೀಟರ್ ದೂರ. ಮೀಟರ್ ಲೆಕ್ಕದ ಊಹೆ ಸರಿಯಾಗಿದ್ದರೆ ದಟ್ಟ ಹಿಂಡಿನಲ್ಲಿ ಹೆಚ್ಚು ನೆರೆಯವರು, ವಿರಳ ಹಿಂಡಿನಲ್ಲಿ ಕಡಿಮೆ ನೆರೆಯವರು ಗಮನಕ್ಕೆ ಬರಬೇಕಿತ್ತು. ಹಾಗಾಗಲಿಲ್ಲ. ದಟ್ಟವಾಗಿದ್ದರೂ ವಿರಳವಾಗಿದ್ದರೂ ಸಂಖ್ಯೆ ಆರೂವರೆಯ ಆಸುಪಾಸಿನಲ್ಲೇ ನಿಂತಿತು. ಹಕ್ಕಿ ದೂರವನ್ನಲ್ಲ, ಎಣಿಕೆಯನ್ನು ಪಾಲಿಸುತ್ತದೆ.

ಗುಬ್ಬಿ ಚನ್ನಬಸವೇಶ್ವರ ಸ್ವಾಮಿಯ ಜಾತ್ರೆಯಲ್ಲಿ ತೇರಿನ ಜೊತೆ ನಡೆದವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಜನ ಒತ್ತಾಗಿರಲಿ ತೆಳುವಾಗಿರಲಿ, ನಾವು ಕಣ್ಣಿಡುವುದು ಸುತ್ತಲಿನ ನಾಲ್ಕಾರು ಮಂದಿಯ ಮೇಲೆ.

ಎಣಿಕೆಯ ನಿಯಮದಿಂದ ಹಕ್ಕಿಗೆ ಸಿಗುವ ಲಾಭ ಡೇಗೆ ಎರಗಿದಾಗ ಕಾಣುತ್ತದೆ. ಡೇಗೆ ನುಗ್ಗಿದ ಕಡೆ ಹಿಂಡು ಒಡೆದು ಹಿಗ್ಗುತ್ತದೆ. ಮೀಟರ್ ನಿಯಮವಿದ್ದರೆ ಚದುರಿದ ಹಕ್ಕಿಯ ವ್ಯಾಪ್ತಿಯೊಳಗೆ ಯಾರೂ ಉಳಿಯದೆ ಅದು ಒಂಟಿಯಾಗುತ್ತಿತ್ತು, ಒಂಟಿ ಹಕ್ಕಿ ಬೇಟೆಗೆ ಸುಲಭ. ಆರೇಳು ಜನರ ನಿಯಮದಲ್ಲಿ ಎಷ್ಟೇ ದೂರವಾದರೂ ಆ ಆರೇಳು ಜನರತ್ತ ಎಳೆತ ಉಳಿದಿರುತ್ತದೆ, ಹಿಂಡು ಮತ್ತೆ ಕೂಡುತ್ತದೆ. ರೋಮ್ ತಂಡ ಕಂಪ್ಯೂಟರ್‌ನಲ್ಲಿ ಎರಡೂ ನಿಯಮಗಳ ಹಿಂಡಿನ ಮೇಲೆ ಬೇಟೆಗಾರನನ್ನು ಬಿಟ್ಟು ನೋಡಿದಾಗಲೂ, ಮೀಟರ್ ನಿಯಮದ ಹಿಂಡೇ ಹೆಚ್ಚಾಗಿ ಚೂರಾಯಿತು.

ಅಲ್ಲಿಗೆ ಪ್ರಶ್ನೆ ಮುಗಿಯಲಿಲ್ಲ. ಒಂದು ಹಕ್ಕಿ ಆರೇಳನ್ನು ಮಾತ್ರ ನೋಡಿದರೆ ಆ ತುದಿಯ ಸುದ್ದಿ ಈ ತುದಿಗೆ ಹೇಗೆ ಬರುತ್ತದೆ? 2010ರಲ್ಲಿ ಅದೇ ತಂಡ ಪ್ರತಿ ಹಕ್ಕಿಯ ವೇಗದಿಂದ ಹಿಂಡಿನ ಸರಾಸರಿ ವೇಗವನ್ನು ಕಳೆದು, ಉಳಿದ ಸಣ್ಣ ಓಲಾಟವನ್ನು ಪರೀಕ್ಷಿಸಿತು. ಒಂದೇ ರೀತಿ ಓಲಾಡುವ ಹಕ್ಕಿಗಳ ವಲಯ ಹಿಂಡಿನ ಉದ್ದದ ಸುಮಾರು ಮೂರನೆಯ ಒಂದರಷ್ಟು ಇತ್ತು. ಹಿಂಡು ದೊಡ್ಡದಾದರೆ ವಲಯವೂ ಅದೇ ಪ್ರಮಾಣದಲ್ಲಿ ದೊಡ್ಡದಾಗುತ್ತಿತ್ತು. 2014ರಲ್ಲಿ ತಿರುವನ್ನೇ ಅಳೆದರು. ಒತ್ತಟ್ಟಿಗಿರುವ ಕೆಲವೇ ಹಕ್ಕಿಗಳು ಮೊದಲು ತಿರುಗುತ್ತವೆ. ನಿರ್ಧಾರ ಅಲ್ಲಿಂದ ಸೆಕೆಂಡಿಗೆ 20ರಿಂದ 40 ಮೀಟರ್ ವೇಗದಲ್ಲಿ ಹಬ್ಬಿ, 400 ಹಕ್ಕಿಗಳ ಹಿಂಡು ಅರ್ಧ ಸೆಕೆಂಡಿನ ಸುಮಾರಿಗೆ ಹೊರಳಿ ಮುಗಿದಿರುತ್ತದೆ. ವಿಚೆಕ್ ಮಾದರಿಯಲ್ಲಿ ಸುದ್ದಿ ಹೋಗಹೋಗುತ್ತ ನಿಧಾನವಾಗಿ ಮಾಸಬೇಕು. ಇಲ್ಲಿ ಅದು ಮಾಸದೆ ಒಂದೇ ವೇಗದಲ್ಲಿ ಸಾಗಿತು. ಹಕ್ಕಿ ನೆರೆಯವರ ದಿಕ್ಕನ್ನಷ್ಟೇ ಅಲ್ಲ, ಅವರು ಎಷ್ಟು ಬಿರುಸಾಗಿ ತಿರುಗುತ್ತಿದ್ದಾರೆ ಎಂಬುದನ್ನೂ ಅನುಸರಿಸುತ್ತದೆ ಎಂದು ಸೇರಿಸಿದ ಮೇಲೆಯೇ ಲೆಕ್ಕ ಕೂಡಿಬಂತು. ಪರೀಸಿಗೆ 2021ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು, ಹಕ್ಕಿಗಾಗಿ ಅಲ್ಲದಿದ್ದರೂ ಇಂಥದೇ ಗೋಜಲು ವ್ಯವಸ್ಥೆಗಳ ಮೇಲಿನ ಕೆಲಸಕ್ಕಾಗಿ.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಾಲೂ ಈ ಕಥೆಯಲ್ಲಿ ಸಣ್ಣದಲ್ಲ. ಶ್ರೀರಾಮ್ ರಾಮಸ್ವಾಮಿ, ಎ.ಕೆ. ಸೂದ್ ಮತ್ತು ಸಂಗಡಿಗರು 2014ರಲ್ಲಿ ಕೆಲವೇ ಮಿಲಿಮೀಟರ್ ಉದ್ದದ, ಒಂದು ತುದಿ ಚೂಪಾದ ಹಿತ್ತಾಳೆ ಕಡ್ಡಿಗಳನ್ನು ಅಲ್ಯೂಮಿನಿಯಂ ಮಣಿಗಳ ನಡುವೆ ಹರಡಿ ತಟ್ಟೆಯನ್ನು ಅದುರಿಸಿದರು. ಕಡ್ಡಿಗಳು ವಿರಳವಾಗಿ, ದೂರ ದೂರ ಇದ್ದರೂ ಮಣಿಗಳು ಸಾಕಷ್ಟಿದ್ದಾಗ ಎಲ್ಲ ಕಡ್ಡಿಗಳೂ ಒಂದೇ ದಿಕ್ಕಿಗೆ ಹೊರಟವು. ಜೀವವಿಲ್ಲದ ಕಡ್ಡಿಯೂ ಹಿಂಡು ಕಟ್ಟುತ್ತದೆ, ಕಣ್ಣಿಲ್ಲದೆಯೇ. ಅದೇ ಸಂಸ್ಥೆಯ ವಿಶ್ವೇಶ ಗುತ್ತಲ್ ಅವರ ತಂಡ ಕೇರಳದವರು ಕರಿಮೀನ್ ಎನ್ನುವ ಮೀನಿನ ಗುಂಪುಗಳನ್ನು ತೊಟ್ಟಿಯಲ್ಲಿ ಚಿತ್ರೀಕರಿಸಿ, 2020ರಲ್ಲಿ ಬೇರೊಂದು ಉತ್ತರ ಕೊಟ್ಟಿತು: ಮೀನು ಹಲವರ ಸರಾಸರಿ ತೆಗೆಯುವುದಿಲ್ಲ, ಒಂದು ಸಲಕ್ಕೆ ಯಾರಾದರೂ ಒಬ್ಬರನ್ನು ಅನುಕರಿಸುತ್ತದೆ. ಆದ್ದರಿಂದಲೇ ಚಿಕ್ಕ ಗುಂಪು ದೊಡ್ಡದಕ್ಕಿಂತ ಹೆಚ್ಚು ಒಂದಾಗಿ ಈಜುತ್ತದೆ. ಒಂದು ಪ್ರಾಣಿಯ ನಿಯಮವನ್ನು ಇನ್ನೊಂದಕ್ಕೆ ಹಾಗೆಯೇ ಹೊರಿಸಲಾಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ಆರೇಳರ ನಿಯಮಕ್ಕೂ ಮಿತಿ ಇದೆ. ಅದು ಹಕ್ಕಿಗಳ ಜಾಗಗಳಿಂದ ಹೊರತೆಗೆದ ಸರಾಸರಿ. ಹಕ್ಕಿ ನಿಜವಾಗಿ ಏನನ್ನು ನೋಡುತ್ತದೆ ಎಂಬುದು ಅದರಿಂದ ನೇರವಾಗಿ ಹೊರಡುವುದಿಲ್ಲ. ಹಿಂಡಿನೊಳಗಿಂದ ಹಕ್ಕಿಗೆ ಕಾಣುವುದು ಕಪ್ಪು ರೆಕ್ಕೆಗಳ ನಡುವೆ ಬೆಳಕಿನ ಚೂರುಗಳು, ಆ ಬೆಳಕು-ಕತ್ತಲೆಯ ಅಂಚುಗಳತ್ತ ಎಳೆತವೇ ಹಿಂಡನ್ನು ತೀರಾ ದಟ್ಟವೂ ತೀರಾ ತೆಳುವೂ ಆಗದಂತೆ ಹಿಡಿಯುತ್ತದೆ ಎಂದು 2014ರಲ್ಲಿ ಬ್ರಿಟನ್ನಿನ ತಂಡವೊಂದು ವಾದಿಸಿತು. ಎರಡೂ ಒಟ್ಟಿಗೆ ನಿಜವಾಗಿರಲು ಅಡ್ಡಿಯೇನಿಲ್ಲ.

ಆರೇಳರ ಈ ಅಳತೆ ನಡೆದಿರುವುದು ಯುರೋಪಿನ ಸ್ಟಾರ್ಲಿಂಗ್ ಮೇಲೆ. ಆದರೆ ನಮ್ಮ ಕೆರೆಗಳ ಮೇಲೆ ಹಾರುವುದು ಗುಲಾಬಿ ಕಬ್ಬಕ್ಕಿ. ಇದನ್ನು ಓದುವ ತುಮಕೂರಿನವರು, ಗುಬ್ಬಿ-ಕುಣಿಗಲ್‌ನವರು ಈ ಚಳಿಗಾಲದಲ್ಲಿ ಸಂಜೆ ಐದೂವರೆಗೆ ಕೆರೆ ಏರಿಯ ಮೇಲೆ ನಿಂತರೆ ಕೆಲವು ಸಂಗತಿಗಳನ್ನು ಬರೆದಿಡಿ. ತಿರುವು ಹಿಂಡಿನ ಅಂಚಿನಿಂದ ಹೊರಟಿತೋ ನಡುವಿನಿಂದಲೋ, ಗಿಡುಗವೋ ಡೇಗೆಯೋ ಹತ್ತಿರವಿತ್ತೋ, ಎಷ್ಟು ಹೊತ್ತು ಸುತ್ತಿ ಯಾವ ಮರಕ್ಕೆ ಇಳಿದವು. ಫೋನಿನಲ್ಲಿ ಚಿತ್ರೀಕರಿಸುವುದಾದರೆ ಹಿಂಡಿನ ಹಿಂದೆ ಫೋನ್ ತಿರುಗಿಸಬೇಡಿ, ಒಂದು ಕಲ್ಲಿನ ಮೇಲೆ ಅಲುಗದಂತೆ ಇಡಿ. ಸಾಧ್ಯವಾದರೆ ಇನ್ನೊಬ್ಬರು ಇಪ್ಪತ್ತೈದು ಮೀಟರ್ ಆಚೆ ನಿಂತು ಅದೇ ಹೊತ್ತಿಗೆ ಚಿತ್ರೀಕರಿಸಲಿ. ಒಂದೇ ಫೋನಿನ ಚಿತ್ರದಿಂದ ಹಕ್ಕಿ ಹಕ್ಕಿಗಳ ನಡುವಿನ ದೂರ ಎಂದೂ ಸಿಗುವುದಿಲ್ಲ. ದಿನಾಂಕ, ಸ್ಥಳ, ಅಂದಾಜು ಸಂಖ್ಯೆಯನ್ನು eBird ತಾಣಕ್ಕೆ ಸೇರಿಸಿ. ಜೊಂಡಿಗೂ ಜಾಲಿಗೂ ಹತ್ತಿರ ಹೋಗಬೇಡಿ, ತಂಗುದಾಣದಲ್ಲಿ ಬೆದರಿದ ಹಕ್ಕಿ ಮರುದಿನ ಬೇರೆ ಕೆರೆ ಹುಡುಕಬಹುದು.