ಗಡಿಯ ಎರಡೂ ಕಡೆಯ ಗೈಡುಗಳು

ತಾಳವಾಡಿಯಿಂದ ಸತ್ಯಮಂಗಲಕ್ಕೆ ಹೋಗಬೇಕೆಂದರೆ ದಿಂಬಂ ಘಾಟಿಯ 27 ತಿರುವು ಇಳಿಯಬೇಕು. ಚಾಮರಾಜನಗರಕ್ಕೆ ಆ ತೊಂದರೆಯಿಲ್ಲ, ದಾರಿಯೂ ಹತ್ತಿರ. ಹಾಗಾಗಿ ಸರ್ಕಾರಿ ಕೆಲಸದ ಆಸೆಯಿಂದ ಪುಸ್ತಕ ಹುಡುಕುವ ಇಲ್ಲಿನ ಹುಡುಗ ಹುಡುಗಿಯರಿಗೆ ಎರಡು ಅಂಗಡಿಗಳು ತೆರೆದಿರುತ್ತವೆ. ಕೆಳಗಿನ ಅಂಗಡಿಯಲ್ಲಿ ಟಿಎನ್‌ಪಿಎಸ್‌ಸಿಯ ತಮಿಳು ಗೈಡು, ಆಚೆಯ ಅಂಗಡಿಯಲ್ಲಿ ಎಫ್‌ಡಿಎ, ಎಸ್‌ಡಿಎ, ಪಿಡಿಒ ಎಂದು ಮುಖಪುಟ ಹೊತ್ತ ಕನ್ನಡ ಗೈಡು. ಎರಡೂ ಭರ್ಜರಿ ವ್ಯಾಪಾರ. ಕನ್ನಡ ಶಾಲೆಯಲ್ಲಿ ಓದಿ, ಈರೋಡು ಜಿಲ್ಲೆಯ ವಿಳಾಸವಿಟ್ಟುಕೊಂಡವರ ಅಳತೆಗೆ ಮಾತ್ರ ಎರಡೂ ಸರಿಯಾಗಿ ಕೂರುವುದಿಲ್ಲ.

ಈ ವ್ಯಾಪಾರ ಬೆಳೆದ ಬಗೆ ನೋಡಿದರೆ, ಮಾರಾಟವಾಗುತ್ತಿರುವ ಸರಕು ಮಾಹಿತಿಯಲ್ಲ ಎಂಬುದು ಬೇಗ ತಿಳಿಯುತ್ತದೆ. ದೆಹಲಿಯ ‘ಕಾಂಪಿಟಿಷನ್ ಸಕ್ಸೆಸ್ ರಿವ್ಯೂ’ 1964ರಲ್ಲಿ, ಆಗ್ರಾದ ‘ಪ್ರತಿಯೋಗಿತಾ ದರ್ಪಣ್’ 1978ರಲ್ಲಿ ಶುರುವಾದಾಗ ಅವು ಕೊಟ್ಟಿದ್ದು ಪತ್ರಿಕೆಗಳಲ್ಲಿ ಚದುರಿದ್ದನ್ನು ತಿಂಗಳಿಗೊಮ್ಮೆ ಆರಿಸಿ ಜೋಡಿಸಿದ ಹೂರಣ. ಕನ್ನಡದಲ್ಲಿ ‘ಸ್ಪರ್ಧಾ ವಿಜೇತ’ದಂಥ ಮಾಸಿಕಗಳು ಅದೇ ಜಾಡು ಹಿಡಿದವು. ಧಾರವಾಡ, ವಿಜಯಪುರ, ಬೆಂಗಳೂರಿನ ವಿಜಯನಗರ ಕೋಚಿಂಗ್ ಊರು, ಬಡಾವಣೆಗಳಾಗಿ ಬೆಳೆದಂತೆ ತರಗತಿಯ ಕೈಬರಹದ ನೋಟ್ಸು ಪಕ್ಕದ ಜೆರಾಕ್ಸ್ ಅಂಗಡಿಗೆ ಸೇರಿ ಸ್ಪೈರಲ್ ಬೈಂಡಾಗಿ ಹೊರಬಂತು. ಕೋಚಿಂಗಿಗೆ ಹೋಗಲಾಗದವರಿಗೆ ಅದೇ ಕೋಚಿಂಗ್.

ತಮಿಳುನಾಡಿನಲ್ಲಿ ಕಥೆ ಬೇರೆ. ಅಲ್ಲಿನ ಗ್ರೂಪ್ 4ರ ಪ್ರಶ್ನೆಗಳು ಎಸ್‌ಎಸ್‌ಎಲ್‌ಸಿ ಮಟ್ಟದವು, ಹೆಚ್ಚಿನವು ನೇರವಾಗಿ ಸರ್ಕಾರಿ ಪಠ್ಯಪುಸ್ತಕದಿಂದ ಬರುತ್ತವೆ. ಹಾಗಾಗಿ ಗೈಡುಗಳ ತಿರುಳು ಸಮಚ್ಚೀರ್ ಪಠ್ಯ. ಒಂದೊಂದು ಸಾಲನ್ನೂ ಒಂದೊಂದು ಪ್ರಶ್ನೆ ಮಾಡಿ ದಪ್ಪ ಪುಸ್ತಕ ಕಟ್ಟುತ್ತಾರೆ. 2018ರಿಂದ ಹೊಸ ಪಠ್ಯ ಬಂದಾಗ ಹಳೆಯದು ಗುಜರಿಗೆ ಹೋಗಲಿಲ್ಲ. ಹಳೆಯ ಪುಸ್ತಕದಿಂದಲೂ ಪ್ರಶ್ನೆ ಬರಬಹುದೆಂಬ ಅಂಜಿಕೆಯಿಂದ ‘ಹಳೇ ಪಠ್ಯ, ಹೊಸ ಪಠ್ಯ’ ಎರಡೂ ಒಟ್ಟಿಗೆ ಮಾರಾಟಕ್ಕಿಳಿದವು. ಪಠ್ಯಪುಸ್ತಕದ ಪಿಡಿಎಫ್ ಸರ್ಕಾರದ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತದೆ. ಹಳೆಯ ಪ್ರಶ್ನೆಪತ್ರಿಕೆ, ಕೀ ಉತ್ತರಗಳನ್ನು ಆಯೋಗವೇ ಹಾಕುತ್ತದೆ. ಜಿಲ್ಲಾ ಉದ್ಯೋಗ ಕಚೇರಿಗಳ ಸ್ವಯಂ ಅಧ್ಯಯನ ವೃತ್ತಗಳಲ್ಲಿ ತರಗತಿಯೂ ಉಚಿತ. ಆದರೂ ಜನ ಕಾಸು ಕೊಡುತ್ತಾರೆ. ಅವರು ಕೊಳ್ಳುವುದು ‘ಇಷ್ಟು ಓದಿದರೆ ಸಾಕು’ ಎಂಬ ಗೆರೆಯನ್ನು.

ಆ ಗೆರೆ ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದೇ ಈ ವ್ಯಾಪಾರದ ಲಾಭ, ಓದುವವರ ನಷ್ಟ. ಗ್ರಾಮ ಆಡಳಿತ ಅಧಿಕಾರಿ, ಅಂದರೆ ವಿಎಒ ಹುದ್ದೆಗೆ ಮೊದಲು ಪ್ರತ್ಯೇಕ ಪರೀಕ್ಷೆಯಿತ್ತು. ಅದರಲ್ಲಿ ಗ್ರಾಮಾಡಳಿತದ ಮೇಲೇ 25 ಪ್ರಶ್ನೆ. ಅಡಂಗಲ್, ಪಟ್ಟಾ, ಚಿಟ್ಟಾ ಎಂದು ವಿವರಿಸುವ ಪುಸ್ತಕಗಳಿಗೆ ಒಳ್ಳೆಯ ಗಿರಾಕಿ. 2018ರ ಫೆಬ್ರವರಿಯ ಪರೀಕ್ಷೆಯಿಂದ ವಿಎಒವನ್ನು ಗ್ರೂಪ್ 4ಕ್ಕೆ ಸೇರಿಸಿದ ಮೇಲೆ ಆ ಭಾಗವೇ ಬೇಡವಾಯಿತು. ಗೈಡು ಕೊಳ್ಳುವಾಗ ಮುಖಪುಟದ ‘ಹೊಸ ಆವೃತ್ತಿ’ ನಂಬುವ ಬದಲು ಇತ್ತೀಚಿನ ಅಧಿಸೂಚನೆಯ ಪಠ್ಯಕ್ರಮವನ್ನು ಪರಿವಿಡಿಯ ಪಕ್ಕದಲ್ಲಿಟ್ಟು ನೋಡಿದರೆ ಇಂಥದ್ದು ಐದು ನಿಮಿಷದಲ್ಲಿ ಸಿಕ್ಕಿಬೀಳುತ್ತದೆ.

ತಾಳವಾಡಿಯವರಿಗೆ ನಿಜವಾದ ಏಟು ಬಿದ್ದಿದ್ದು ತಮಿಳುನಾಡು ಸರ್ಕಾರದ 2021ರ ಡಿಸೆಂಬರಿನ ಆದೇಶದಿಂದ. ಅದಕ್ಕೂ ಮುಂಚೆ ಗ್ರೂಪ್ 4ರಲ್ಲಿ ಸಾಮಾನ್ಯ ತಮಿಳು ಇಲ್ಲವೇ ಸಾಮಾನ್ಯ ಇಂಗ್ಲಿಷ್ ಆರಿಸಿಕೊಳ್ಳಬಹುದಿತ್ತು. ಕನ್ನಡ ಮಾಧ್ಯಮದವರಿಗೆ ಇಂಗ್ಲಿಷ್ ಒಂದು ಕಂಡಿ. ಆದೇಶ ಆ ಕಂಡಿ ಮುಚ್ಚಿ ತಮಿಳನ್ನು ಕಡ್ಡಾಯ ಮಾಡಿತು. ಈಗ 100 ತಮಿಳು ಪ್ರಶ್ನೆಗೆ 150 ಅಂಕ, ಉಳಿದ 100 ಪ್ರಶ್ನೆಗೆ 150 ಅಂಕ. ತಮಿಳಿನಲ್ಲಿ ಶೇ. 40, ಅಂದರೆ 60 ಅಂಕ ಬರದಿದ್ದರೆ ಇನ್ನೊಂದು ಭಾಗವನ್ನು ನೋಡುವುದೇ ಇಲ್ಲ. 2022ರ ಜುಲೈನ ಪರೀಕ್ಷೆ ಈ ಪದ್ಧತಿಯಲ್ಲೇ ನಡೆಯಿತು, ಅರ್ಜಿ ಹಾಕಿದವರು 22 ಲಕ್ಷದ ಆಸುಪಾಸು. ತಮಿಳು ಮಾಧ್ಯಮದಲ್ಲಿ ಓದಿದವರಿಗಿರುವ ಶೇ. 20 ಆದ್ಯತೆಯೂ ಕನ್ನಡ ಮಾಧ್ಯಮದವರಿಗೆ ಸಿಗುವುದಿಲ್ಲ.

ಮಾದರಿ ಪರೀಕ್ಷೆ ಇಲ್ಲಿ ಎಷ್ಟು ಕೆಲಸಕ್ಕೆ ಬರುತ್ತದೆಂದು ಲೆಕ್ಕ ಹಾಕಿ ನೋಡೋಣ. ಒಂದು ಪ್ರಶ್ನೆಗೆ ಒಂದೂವರೆ ಅಂಕ, ಹಾಗಾಗಿ 60 ಅಂಕಕ್ಕೆ 40 ಸರಿಯುತ್ತರ ಬೇಕು. ಟಿಎನ್‌ಪಿಎಸ್‌ಸಿಯಲ್ಲಿ ತಪ್ಪಿಗೆ ಅಂಕ ಕಡಿತವಿಲ್ಲ. ಎ, ಬಿ, ಸಿ, ಡಿ ಜೊತೆಗೆ ‘ಉತ್ತರ ತಿಳಿದಿಲ್ಲ’ ಎನ್ನುವ ಇ ಎಂಬ ಗುಂಡಿಯೂ ಇದೆ, ಅದಕ್ಕೆ ಸೊನ್ನೆ. ಏನೂ ತಿಳಿಯದೆ ನೂರಕ್ಕೂ ಕಣ್ಣುಮುಚ್ಚಿ ಕಪ್ಪು ಮಾಡಿದರೆ ಸರಾಸರಿ 25 ಸರಿಯಾಗಬಹುದು, ಸಾಲದು. 20 ಪ್ರಶ್ನೆಗೆ ಖಚಿತ ಉತ್ತರ ಗೊತ್ತಿದ್ದು ಮಿಕ್ಕ 80ಕ್ಕೆ ಊಹಿಸಿದರೆ 20 ಮತ್ತು 20 ಸೇರಿ ಗಡಿ ಮುಟ್ಟುತ್ತದೆ. ಅದೂ ಸರಾಸರಿ ಲೆಕ್ಕ, ಅರ್ಧಕ್ಕರ್ಧ ಜನ ಕೆಳಗೇ ಉಳಿಯುತ್ತಾರೆ. ಕೈಗೊಂದಿಷ್ಟು ಹೆಚ್ಚುವರಿ ಇರಬೇಕೆಂದರೆ 30, 35 ಪ್ರಶ್ನೆ ನಿಜವಾಗಿ ಗೊತ್ತಿರಬೇಕು. ತಮಿಳಿನ ಅಂಕ ಒಟ್ಟು 300ಕ್ಕೆ ಸೇರುವುದರಿಂದ ಅರ್ಹತೆ ದಾಟಿದ ಮಾತ್ರಕ್ಕೆ ಆಯ್ಕೆ ಆಗುವುದೂ ಇಲ್ಲ.

ಈಗ ಚಾಮರಾಜನಗರದಿಂದ ತಂದ ಮಾದರಿ ಪತ್ರಿಕೆಯಲ್ಲಿ ಅಭ್ಯಾಸ ಮಾಡಿದವರನ್ನು ನೆನೆಯಿರಿ. ಕೆಪಿಎಸ್‌ಸಿ ಪರೀಕ್ಷೆಯಲ್ಲಿ ತಪ್ಪಿಗೆ ಕಾಲು ಭಾಗ ಅಂಕ ಕಡಿತ. ಅದಕ್ಕೆ ಪಳಗಿದ ಕೈ ಅನುಮಾನ ಬಂದಲ್ಲಿ ಬಿಟ್ಟು ಮುಂದೆ ಹೋಗುತ್ತದೆ. ಅದೇ ರೂಢಿ ಈರೋಡಿನ ಪರೀಕ್ಷಾ ಕೊಠಡಿಗೆ ಬಂದರೆ ಬರಬಹುದಾದ ಅಂಕವನ್ನು ಸುಮ್ಮನೆ ಬಿಟ್ಟುಕೊಟ್ಟಂತೆ. ಪ್ರಶ್ನೆ ಒಂದೇ ಆಗಿದ್ದರೂ ಅಂಕದ ನಿಯಮ ಬೇರೆಯಾದರೆ ಮಾದರಿ ಪರೀಕ್ಷೆ ಅಭ್ಯಾಸವನ್ನೇ ಕೆಡಿಸುತ್ತದೆ.

ತಮಿಳು ವ್ಯಾಕರಣದ ಭಾಗದಲ್ಲಿ ಮಾತ್ರ ಇವರಿಗೆ ಯಾವ ಗೈಡೂ ಹೇಳದ ಅನುಕೂಲವಿದೆ. ಸಂಧಿಗೆ ಅಲ್ಲಿ ಪುಣರ್ಚ್ಚಿ, ವಿಭಕ್ತಿಗೆ ವೇಟ್ರುಮೈ, ಅಲಂಕಾರಕ್ಕೆ ಅಣಿ. ಕನ್ನಡ ಮೇಷ್ಟರು ಗಮಕ ಸಮಾಸಕ್ಕೆ ಕೊಡುವ ಸುಡುಗಾಡು, ಅಲ್ಲಿ ವಿನೈತ್ತೊಗೈಗೆ ಕೊಡುವ ಸುಡುಕಾಡು. ಕಲಿಯಬೇಕಾದದ್ದು ಹೆಚ್ಚಾಗಿ ಹೆಸರುಗಳು. ಇಂಥ ಜೋಡಣೆಯ ನೂರು ಪುಟದ ಪುಸ್ತಕ ಇವರಿಗೆ ದಪ್ಪ ಗೈಡಿಗಿಂತ ಉಪಯುಕ್ತ. ಆದರೆ ಕೊಳ್ಳುವವರು ಒಂದು ತಾಲ್ಲೂಕಿನಷ್ಟು ಜನವಾದರೆ ಅಚ್ಚು ಹಾಕಿಸುವವನ ಲೆಕ್ಕ ಕೂಡುವುದಿಲ್ಲ.

ಮೊಬೈಲಿಗೆ ಇಂಟರ್ನೆಟ್ ಬಂದ ಮೇಲೆ ದಿಂಬಂ ತಿರುವುಗಳ ಲೆಕ್ಕ ತಪ್ಪಿತು. ಗೈಡು ಟೆಲಿಗ್ರಾಂನಲ್ಲಿ ಪಿಡಿಎಫ್ ಆಗಿ ಹರಿದಾಡಿತು. ಸರ್ಕಾರಿ ಪರೀಕ್ಷೆಗಳಿಗೆ ಪಾಠ ಹೇಳುವ ನೀತು ಸಿಂಗ್ ತಮ್ಮ ಪುಸ್ತಕ, ಪಾಠಗಳು ಹೀಗೆ ಕದ್ದು ಹಂಚಿಕೆಯಾದುದಕ್ಕೆ ಮೊಕದ್ದಮೆ ಹೂಡಿದರು. 2022ರ ಆಗಸ್ಟ್‌ನಲ್ಲಿ ದೆಹಲಿ ಹೈಕೋರ್ಟ್ ಆ ಚಾನೆಲ್‌ಗಳನ್ನು ನಡೆಸುವವರ ವಿವರ ಕೊಡುವಂತೆ ಟೆಲಿಗ್ರಾಂಗೆ ಹೇಳಿತು. ಪುಸ್ತಕ ಕದಿಯುವುದು ಸುಲಭವಾದಂತೆ ಮಾರುವವರು ಕದಿಯಲಾಗದ್ದನ್ನು ಮಾರತೊಡಗಿದರು. ಅದೇ ಟೆಸ್ಟ್ ಸೀರೀಸ್. ಪ್ರಶ್ನೆ ಸೋರಬಹುದು, ಆದರೆ ಇಷ್ಟು ಸಾವಿರ ಜನರಲ್ಲಿ ನಿಮ್ಮ ಸ್ಥಾನ ಇಷ್ಟು ಎಂಬ ಅಂಕಿ ಸೋರಿಕೆಯಾಗದು. ಆ ಅಂಕಿಗೂ ಮಿತಿಯಿದೆ: ಹಣ ಕೊಟ್ಟು ಸೇರಿದವರ ನಡುವಿನ ಸ್ಥಾನ ಅದು, 22 ಲಕ್ಷದ ನಡುವಿನದ್ದಲ್ಲ.

ಕೀ ಉತ್ತರದ ಕತೆಯೂ ನೋಡಬೇಕಾದ್ದೇ. ಆಯೋಗ ಮೊದಲು ತಾತ್ಕಾಲಿಕ ಕೀ ಪ್ರಕಟಿಸಿ ಆಕ್ಷೇಪಣೆ ಕೇಳುತ್ತದೆ, ಕೆಲವು ಉತ್ತರ ಆಮೇಲೆ ಬದಲಾಗುತ್ತವೆ. ಅವಸರದಲ್ಲಿ ಅಚ್ಚಾದ ಗೈಡಿನಲ್ಲಿ ತಾತ್ಕಾಲಿಕ ಉತ್ತರವೇ ಉಳಿದುಬಿಡುತ್ತದೆ. ಹಿಂದಿನ ಪತ್ರಿಕೆಯ ನಾಲ್ಕೈದು ವಿವಾದಿತ ಪ್ರಶ್ನೆ ತೆಗೆದು ಅಂತಿಮ ಕೀಗೆ ತಾಳೆ ನೋಡಿದರೆ ಗೈಡಿನ ಬಂಡವಾಳ ಗೊತ್ತಾಗುತ್ತದೆ.

ಇತ್ತೀಚೆಗೆ ಮೂರನೆಯ ದಾರಿಯೊಂದು ತೆರೆದಿದೆ. ಎಸ್‌ಎಸ್‌ಸಿಯ ಎಂಟಿಎಸ್ ಪರೀಕ್ಷೆಯನ್ನು 2023ರಿಂದ, ಕೇಂದ್ರ ಸಶಸ್ತ್ರ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಯನ್ನು 2024ರಿಂದ ಕನ್ನಡದಲ್ಲೂ ಬರೆಯಬಹುದು. ಇವುಗಳಿಗೆ ಈರೋಡಿನ ವಿಳಾಸ ಅಡ್ಡಿಯಲ್ಲ, ಕರ್ನಾಟಕದಲ್ಲಿ ಅಚ್ಚಾದ ಗಣಿತ, ರೀಸನಿಂಗ್ ಪುಸ್ತಕ ಹಾಗೆಯೇ ನಡೆಯುತ್ತದೆ. ಕಾನ್‌ಸ್ಟೇಬಲ್ ಪರೀಕ್ಷೆಯಲ್ಲೂ ಎಂಟಿಎಸ್‌ನ ಎರಡನೆಯ ಸೆಷನ್‌ನಲ್ಲೂ ತಪ್ಪಿಗೆ ಅಂಕ ಕಡಿತ ಉಂಟು. ಹಾಗಾಗಿ ಒಂದೇ ವರ್ಷ ಗ್ರೂಪ್ 4 ಮತ್ತು ಎಸ್‌ಎಸ್‌ಸಿ ಎರಡಕ್ಕೂ ಕೂರುವವರು ಮಾದರಿ ಪರೀಕ್ಷೆ ಬರೆಯುವ ದಿನಗಳನ್ನು ಬೇರೆ ಬೇರೆ ಮಾಡಿಕೊಂಡು, ಉತ್ತರಹಾಳೆಯ ತಲೆಯ ಮೇಲೆ ಆ ದಿನದ ಅಂಕದ ನಿಯಮ ಬರೆದಿಟ್ಟುಕೊಂಡು ಕೂರುವುದು ವಾಸಿ.