ಗೋಳಗುಮ್ಮಟದ ಬಗ್ಗೆ ಒಂದು ಸ್ಲೈಡ್: ಎರಡು ಸಾಲು, ಎರಡು ಪರಿಶೀಲನೆ

ವಿಜಯಪುರದ ಆದಿಲಶಾಹಿಗಳ ಬಗ್ಗೆ ಎಲ್ಲಿ ಪಾಠ ನಡೆದರೂ, ಅದು ಪುಣೆಯ ಕಾಲೇಜೇ ಆಗಲಿ ಹೈದರಾಬಾದಿನದ್ದೇ ಆಗಲಿ, ಪರದೆಯ ಮೇಲೆ ಸಾಮಾನ್ಯವಾಗಿ ಬರುವ ಎರಡು ಸಾಲುಗಳಿವೆ. ನೀವೂ ನೋಡಿರ್ತೀರಿ. "ಗೋಳಗುಮ್ಮಟ: ವ್ಯಾಸ 44 ಮೀಟರ್, ರೋಮ್‌ನ ಸಂತ ಪೀಟರ್ ಚರ್ಚಿನ ನಂತರ ಜಗತ್ತಿನ ಎರಡನೇ ದೊಡ್ಡ ಗುಮ್ಮಟ." ಅದರ ಕೆಳಗೆ, "ನಿರ್ಮಾಣ 1626–1656." ನೋಟ್ಸ್‌ಗೆ ಇಳಿಸಿಕೊಳ್ಳುವ ಮುಂಚೆ ಇವೆರಡನ್ನೂ ಒಮ್ಮೆ ತೂಗಿ ನೋಡೋಣ.

ಮೊದಲ ಸಾಲಿನ ತಪ್ಪು ಆ ಸಾಲಿನಲ್ಲೇ ಸಿಗುತ್ತದೆ. ಸಂತ ಪೀಟರ್ ಚರ್ಚಿನ ಗುಮ್ಮಟದ ಒಳವ್ಯಾಸ ಸುಮಾರು 42 ಮೀಟರ್. ಹಾಗಿದ್ದರೆ 44 ಮೀಟರಿನದು ಎರಡನೆಯದು ಹೇಗಾಯ್ತು? ಎರಡು ಬೇರೆ ಬೇರೆ ಅಳತೆಗಳು ಇಲ್ಲಿ ಕಲಸಿಹೋಗಿವೆ ಅಂತ ಅಲ್ಲೇ ಗೊತ್ತಾಗಬೇಕು.

ಇದಕ್ಕೆ ನೋಡಬೇಕಾದ ಪುಸ್ತಕ ಹೆನ್ರಿ ಕೌಸೆನ್ಸ್ ಅವರದು. ವಿಜಯಪುರದ ಕಟ್ಟಡಗಳ ಮೇಲೆ ಅವರು ಬರೆದ ಗ್ರಂಥವನ್ನು ಭಾರತೀಯ ಪುರಾತತ್ವ ಇಲಾಖೆ 1916ರಲ್ಲಿ ಪ್ರಕಟಿಸಿತು. ಅವರು ಗುಮ್ಮಟದ ಹೊರವ್ಯಾಸವನ್ನು 144 ಅಡಿ ಅಂತಲೂ ಒಳವ್ಯಾಸವನ್ನು 124 ಅಡಿ 5 ಅಂಗುಲ ಅಂತಲೂ ಕೊಡ್ತಾರೆ. ನಡುವಿನ ವ್ಯತ್ಯಾಸ ಸುಮಾರು 20 ಅಡಿ. ಅಂದರೆ ಗುಮ್ಮಟದ ಗೋಡೆಯ ದಪ್ಪವೇ ಒಂದೊಂದು ಬದಿಗೆ ಸುಮಾರು 10 ಅಡಿ. ಸ್ಲೈಡಿನ 44 ಮೀಟರ್ ಈ ದಪ್ಪವನ್ನೂ ಸೇರಿಸಿದ ಲೆಕ್ಕ. ಒಳಗಿನಿಂದ ಅಳೆದರೆ ಅದು 38 ಮೀಟರ್ ಕೂಡ ಮುಟ್ಟುವುದಿಲ್ಲ. ರೋಮ್‌ನ ಪ್ಯಾಂಥಿಯಾನ್‌ನ ಒಳವ್ಯಾಸ 43 ಮೀಟರಿಗೂ ಹೆಚ್ಚು. ಹೀಗಾಗಿ ಹಳೆಯ ಗುಮ್ಮಟಗಳ ಸಾಲಿನಲ್ಲೂ 'ಎರಡನೆಯದು' ಅನ್ನೋ ಮಾತು ನಿಲ್ಲುವುದಿಲ್ಲ. ಇವತ್ತಿನ 'ಜಗತ್ತು' ಅಂದರಂತೂ ಸಿಂಗಾಪುರದ ರಾಷ್ಟ್ರೀಯ ಕ್ರೀಡಾಂಗಣದ ಗುಮ್ಮಟವೇ 310 ಮೀಟರ್ ಅಗಲವಿದೆ.

ಹಾಗಾದರೆ ಈ ಹೆಮ್ಮೆಯ ಮಾತು ಪೂರಾ ಸುಳ್ಳೇ? ಅಲ್ಲ. ಕೌಸೆನ್ಸ್ ಹೋಲಿಸಿದ್ದು ನೆಲದ ವಿಸ್ತೀರ್ಣವನ್ನು. ಒಳಗಿನ ಕೋಣೆ ಚೌಕಾಕಾರದ್ದು, ಒಂದೊಂದು ಬದಿ 135 ಅಡಿ 5 ಅಂಗುಲ. ಗೋಡೆಗಳಿಂದ ಚಾಚಿಕೊಂಡ ಕಂಬಗೋಡೆಗಳ ಜಾಗ ಕಳೆದರೆ ಸುಮಾರು 18,109 ಚದರ ಅಡಿ ಉಳಿಯುತ್ತದೆ. ಪ್ಯಾಂಥಿಯಾನ್‌ನದು 15,833 ಚದರ ಅಡಿ. ಗುಮ್ಮಟ ಚಿಕ್ಕದಾದರೂ ಕೆಳಗಿನ ಜಾಗ ದೊಡ್ಡದು. ಕಾರಣ, ಇಲ್ಲಿ ಗುಮ್ಮಟ ನೇರವಾಗಿ ಗೋಡೆಯ ಮೇಲೆ ಕೂತಿಲ್ಲ. ಒಂದನ್ನೊಂದು ಹಾಯ್ದು ಹೋಗುವ ಎಂಟು ಕಮಾನುಗಳು ಮೇಲೆ ಹೋದಂತೆ ಒಳಕ್ಕೆ ಬಾಗಿ, ಚೌಕವನ್ನು ವೃತ್ತಕ್ಕೆ ತಂದು ನಿಲ್ಲಿಸುತ್ತವೆ. ನಡುವೆ ಒಂದು ಕಂಬವೂ ಇಲ್ಲ. ಕಟ್ಟಿದವರ ನಿಜವಾದ ಸಾಧನೆ ಇದು. 'ವಿಸ್ತೀರ್ಣ' ಅನ್ನೋ ಪದ ಬಿಟ್ಟುಹೋಗಿ 'ವ್ಯಾಸ' ಬಂದಾಗ ಸ್ಲೈಡಿನಿಂದ ಮಾಯವಾಗಿದ್ದೂ ಇದೇ.

ಇನ್ನು ಇಸವಿಗಳು. 1626 ಮತ್ತು 1656 ಮುಹಮ್ಮದ್ ಆದಿಲಶಾಹನ ಆಳ್ವಿಕೆಯ ಆದಿ–ಅಂತ್ಯ ಅಂತ ಹಳೆಯ ಪುಸ್ತಕಗಳು ಕೊಟ್ಟವು. ಪಟ್ಟಕ್ಕೆ ಬಂದದ್ದು 1627ರಲ್ಲಿ ಅಂತ ಈಗಿನ ಇತಿಹಾಸಕಾರರು ಬರೆಯುತ್ತಾರೆ. ಆಳ್ವಿಕೆಯ ವರ್ಷಗಳನ್ನೇ ಕಟ್ಟಡದ ವರ್ಷಗಳನ್ನಾಗಿ ಮಾಡಿದ್ದು ಸ್ಲೈಡ್.

1656ಕ್ಕೆ ಗಟ್ಟಿ ಸಾಕ್ಷಿ ದಕ್ಷಿಣದ ಬಾಗಿಲ ಮೇಲಿನ ಪಾರ್ಸಿ ಶಾಸನ. ಅದರಲ್ಲಿ ಅಬ್ಜದ್ ಲೆಕ್ಕದ ತಾರೀಖುಗಳಿವೆ. ಒಂದನ್ನು ನೀವೇ ಕೂಡಿಸಿ ನೋಡಿ: 'ಆಖಿಬತೆ ಮುಹಮ್ಮದ್ ಮಹಮೂದ್ ಶುದ್', ಅಂದರೆ ಮುಹಮ್ಮದನ ಅಂತ್ಯ ಪ್ರಶಂಸನೀಯವಾಯಿತು. ಆಖಿಬತ್ ಪದದಲ್ಲಿ ಐನ್ 70, ಅಲಿಫ್ 1, ಖಾಫ್ 100, ಬೇ 2, ತೇ 400, ಒಟ್ಟು 573. ಮುಹಮ್ಮದ್ 92, ಮಹಮೂದ್ 98, ಶುದ್ 304. ಎಲ್ಲಾ ಸೇರಿ 1067. ಹಿಜರಿ 1067 ಶುರುವಾದದ್ದು 1656ರ ಅಕ್ಟೋಬರ್‌ನಲ್ಲಿ, ಸುಲ್ತಾನ ತೀರಿಕೊಂಡದ್ದು ಅದೇ ನವೆಂಬರ್‌ನಲ್ಲಿ. ಲೆಕ್ಕ ಸರಿಹೋಯ್ತು. ಆದರೆ ಶಾಸನ ಹೇಳುವುದು ಸುಲ್ತಾನನ ಸಾವಿನ ವರ್ಷವನ್ನು, ಕಟ್ಟಡ ಮುಗಿದ ವರ್ಷವನ್ನಲ್ಲ. ಗಿಲಾವು ಕೂಡ ಪೂರ್ತಿಯಾಗದೆ ಕೆಲಸ ಅಲ್ಲಿಗೇ ನಿಂತಿತು.

ಆದ್ದರಿಂದ ನಿಮ್ಮ ನೋಟ್ಸ್‌ನಲ್ಲಿ ಹೀಗೆ ಬರೆದುಕೊಳ್ಳಿ: ಒಳವ್ಯಾಸ ಸುಮಾರು 38 ಮೀಟರ್, ಹೊರವ್ಯಾಸ 44. ನೆಲದ ವಿಸ್ತೀರ್ಣದಲ್ಲಿ ಪ್ಯಾಂಥಿಯಾನ್‌ಗಿಂತ ದೊಡ್ಡದು. ಮುಹಮ್ಮದ್ ಆದಿಲಶಾಹನ ಕಾಲದ ಕಟ್ಟಡ, 1656ರಲ್ಲಿ ಅವನು ತೀರಿಕೊಂಡಾಗ ಇನ್ನೂ ಅಪೂರ್ಣ.