ಹಳದಿಯೂ ನೀಲಿಯೂ ಒಂದೇ ಮೆಟ್ಟಿಲಲ್ಲಿ

ವೆಬ್ ಪುಟಗಳಿಗೆ ಬಣ್ಣ ಹೊಂದಿಸುವವರು ಬಹುಕಾಲ ನೆಚ್ಚಿಕೊಂಡಿದ್ದು HSL ಎಂಬ ಅಳತೆಯನ್ನು. 1970ರ ದಶಕದ ಕೊನೆಯಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್‌ನವರು ಲೆಕ್ಕ ಹಗುರಾಗಲೆಂದು ಕಟ್ಟಿದ ಮಾದರಿ ಅದು. ಅಪ್ಪಟ ಹಳದಿಗೂ ಅಪ್ಪಟ ನೀಲಿಗೂ ಅದು ಕೊಡುವ ಲೈಟ್‌ನೆಸ್ ಒಂದೇ, 50%. ಪರದೆಯ ಮೇಲೆ ನೋಡಿದರೆ ಹಳದಿ ಕಣ್ಣು ಕುಕ್ಕುತ್ತದೆ, ನೀಲಿ ಗಾಢವಾಗಿ ಕುಳಿತಿರುತ್ತದೆ. ಇದೇ ಎರಡನ್ನು OKLCHನಲ್ಲಿ ಅಳೆದರೆ ಹಳದಿಗೆ 0.97, ನೀಲಿಗೆ 0.45. ಕಣ್ಣು ಹೇಳುವುದೂ ಇದನ್ನೇ.

ಕಣ್ಣಿನ ಅಂದಾಜಿನಿಂದಲೇ ಬಣ್ಣಗಳನ್ನು ಜೋಡಿಸುವ ಯತ್ನ ಕಂಪ್ಯೂಟರಿಗಿಂತ ಹಳೆಯದು. ಬೋಸ್ಟನ್ನಿನ ಚಿತ್ರಕಲಾವಿದ ಆಲ್ಬರ್ಟ್ ಮನ್ಸೆಲ್ 1905ರಲ್ಲೇ ವರ್ಣ, ತಿಳಿ-ಗಾಢದ ಮಟ್ಟ, ಕಡುಪು ಎಂಬ ಮೂರು ಅಳತೆಗಳನ್ನು ಬೇರೆಬೇರೆಯಾಗಿ ನಿಲ್ಲಿಸಿದ. ಅವನ ಬಣ್ಣಗಳ ಜೋಡಣೆ ಉರುಟಾದ ಗೋಳವಾಗಲಿಲ್ಲ. ಹಳದಿ ತಿಳಿಯಾದಾಗ ಹೆಚ್ಚು ಕಡುವಾಗಿ ಚಾಚಿಕೊಂಡರೆ, ನೀಲಿ ಗಾಢವಾದಾಗ ಚಾಚಿಕೊಂಡಿತು. ನನ್ನ ದೃಷ್ಟಿಯಲ್ಲಿ ಈ ಸೊಟ್ಟ ಆಕಾರವೇ ಅವನ ದೊಡ್ಡ ಕಾಣ್ಕೆ. ಇಂದಿನ ಥೀಮ್ ಕಟ್ಟುವವರು ಎಡವುವುದೂ ಇದನ್ನು ಮರೆತಾಗಲೇ.

1976ರಲ್ಲಿ ಸಿಐಇ ಲ್ಯಾಬ್ ಬಂದು ಈ ಅಂದಾಜಿಗೆ ಸೂತ್ರದ ರೂಪ ಸಿಕ್ಕಿತು. ತಿಳಿ-ಗಾಢದ ಮಟ್ಟಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ನೀಲಿಯ ವರ್ಣಕೋನ ಬದಲಿಸದೆ ತಿಳಿ ಮಾಡುತ್ತ ಹೋದರೆ ಅದು ನೇರಳೆಯತ್ತ ವಾಲುತ್ತದೆ. 2020ರ ಡಿಸೆಂಬರಿನಲ್ಲಿ ಸ್ವೀಡನ್ನಿನ ಬ್ಯೋರ್ನ್ ಒಟ್ಟೊಸನ್ ಪ್ರಕಟಿಸಿದ ಓಕೆಲ್ಯಾಬ್ ಈ ದೋಷವನ್ನು ಬಹುಮಟ್ಟಿಗೆ ಸರಿಪಡಿಸಿತು. ಅದನ್ನೇ ಕೋನದ ಲೆಕ್ಕದಲ್ಲಿ ಬರೆದರೆ OKLCH: ಲೈಟ್‌ನೆಸ್, ಕ್ರೋಮಾ, ಹ್ಯೂ. 2023ರ ಮೇ ಹೊತ್ತಿಗೆ ಸಫಾರಿ, ಕ್ರೋಮ್, ಫೈರ್‌ಫಾಕ್ಸ್ ಮೂರೂ ಅದನ್ನು ಓದತೊಡಗಿದವು.

ಅಲ್ಲಿಂದ ಹೊಸ ಕಷ್ಟ ಶುರುವಾಯಿತು. L ಒಂದೇ ಇಟ್ಟರೆ ಎಲ್ಲ ವರ್ಣಗಳೂ ಸಮನಾಗುತ್ತವೆ ಎಂದುಕೊಂಡು ಹಲವರು ಕ್ರೋಮಾವನ್ನೂ ಒಂದೇ ದೊಡ್ಡ ಸಂಖ್ಯೆಗೆ ನಿಲ್ಲಿಸಿದರು. ಸಾಮಾನ್ಯ ಪರದೆ, ಅಂದರೆ sRGB, ಆ ಬಣ್ಣವನ್ನು ತೋರಿಸಲಾರದು. ಉದಾಹರಣೆಗೆ `oklch(0.62 0.2 195)` ಎಂಬ ಹಸಿರುನೀಲಿಯನ್ನು RGBಗೆ ಬದಲಿಸಿದರೆ ಕೆಂಪಿನ ಪಾಲು ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದನ್ನು ಸೊನ್ನೆಗೆ ಕತ್ತರಿಸಿ ತೋರಿಸಿದಾಗ L ಸುಮಾರು 0.66ಕ್ಕೆ ಏರಿರುತ್ತದೆ. ಕೋಡಿನಲ್ಲಿ 0.62 ಎಂದೇ ಇದೆ, ಮೆಟ್ಟಿಲು ಮಾತ್ರ ಏರುಪೇರು. ಪತ್ತೆ ಹಚ್ಚಲು ಪರದೆಯ ಬಣ್ಣವನ್ನು ಕಲರ್ ಪಿಕರ್‌ನಿಂದ ಎತ್ತಿ ಮತ್ತೆ OKLCHಗೆ ಬದಲಿಸಬೇಕು. ಬರೆದ L ಮರಳಿ ಬರದಿದ್ದರೆ ಕತ್ತರಿ ಬಿದ್ದಿದೆ ಎಂದರ್ಥ.

ಪರಿಹಾರ ಲೆಕ್ಕದಲ್ಲೇ ಇದೆ. ಮೊದಲು L ಸಾಲನ್ನು ನಿಗದಿಮಾಡಿ, ಆಮೇಲೆ ಪ್ರತಿ ಮಟ್ಟದಲ್ಲಿ ಪ್ರತಿ ವರ್ಣಕ್ಕೆ ಎಷ್ಟು ಕ್ರೋಮಾ ಸಾಧ್ಯವೆಂದು ಹುಡುಕಬೇಕು. 0.62ರಲ್ಲಿ ಕೆಂಪು 0.25ರವರೆಗೆ, ಹಳದಿ 0.13ರವರೆಗೆ ಹೋಗುತ್ತದೆ, ಹಸಿರುನೀಲಿ 0.106ಕ್ಕೇ ನಿಲ್ಲುತ್ತದೆ. ಆದ್ದರಿಂದ ಎಲ್ಲ ವರ್ಣಗಳಿಗೂ ಒಪ್ಪುವ ಸಂಖ್ಯೆ 0.10:

```css
--red-600:  oklch(0.62 0.10 29);
--cyan-600: oklch(0.62 0.10 195);
--blue-600: oklch(0.62 0.10 264);
```

ಇಲ್ಲಿ ಮೂರೂ ಸಮತೂಕವಾಗಿ ಕಾಣುತ್ತವೆ, ಕೆಂಪು ಮಾತ್ರ ಮಂಕಾಗುತ್ತದೆ. ಮಂಕು ಬೇಡವೆನ್ನುವವರು ಪ್ರತಿ ವರ್ಣಕ್ಕೂ ಅದರದೇ ಗರಿಷ್ಠದ 80% ಕೊಡುತ್ತಾರೆ: ಆಗ L ಸಮನಾಗಿರುತ್ತದೆ, ಕಡುಪು ಹೆಚ್ಚುಕಡಿಮೆಯಾಗುತ್ತದೆ. ಚಾರ್ಟುಗಳಿಗೆ ಮೊದಲ ದಾರಿ, ಬಟನ್‌ಗಳಿಗೆ ಎರಡನೆಯದು ಎಂಬುದು ನನ್ನ ಆಯ್ಕೆ.

L ಸಾಲನ್ನೂ ಸೊನ್ನೆಯವರೆಗೆ ಸಮನಾಗಿ ಹಂಚಬಾರದು. ಗಾಢ ತುದಿಯಲ್ಲಿ ಈ ಮಾಪನ ತೀರಾ ಬಿಗಿ: 0.1 ಎಂದರೆ `#030303`, 0.2 ಎಂದರೆ `#161616`. ಮೊದಲನೆಯದನ್ನು ಕಪ್ಪಿನಿಂದ ಬೇರೆಯೆಂದು ಗುರುತಿಸುವುದೇ ಕಷ್ಟ. ಸಾಲನ್ನು 0.25ರ ಸುತ್ತಮುತ್ತ ನಿಲ್ಲಿಸುವುದು ಲೇಸು.

ಅಕ್ಷರ ಓದಲು ಬೇಕಾದ ಕಾಂಟ್ರಾಸ್ಟ್ L ಒಂದರಿಂದಲೇ ತಿಳಿಯುವುದಿಲ್ಲ. ಅಪ್ಪಟ ಕೆಂಪಿನ L 0.628, ಬಿಳಿಯ ಎದುರು ಅದರ ಕಾಂಟ್ರಾಸ್ಟ್ 4:1. ಅದೇ L ಇರುವ ಬೂದಿಗೆ ಸುಮಾರು 3.5:1 ಮಾತ್ರ. ಹಾಗಾಗಿ ಕಾಂಟ್ರಾಸ್ಟನ್ನು ಪ್ರತಿ ಬಣ್ಣಕ್ಕೂ ಬೇರೆಯಾಗಿಯೇ ಪರೀಕ್ಷಿಸಬೇಕು.

2025ರ ಜನವರಿಯಲ್ಲಿ ಬಂದ ಟೇಲ್‌ವಿಂಡ್ 4 ತನ್ನ ವರ್ಣಸಾಲುಗಳನ್ನು OKLCHನಲ್ಲೇ ಬರೆದಿದೆ. ಆದರೂ ಅದರ ಹಳದಿ 500ರ L ಸುಮಾರು 0.80, ನೀಲಿ 500ರದು 0.62. 0.62ಕ್ಕೆ ಇಳಿಸಿದ ಹಳದಿ ಆಲಿವ್ ಬಣ್ಣಕ್ಕೆ ತಿರುಗುತ್ತದೆ, ಯಾರೂ ಅದನ್ನು ಹಳದಿ ಎನ್ನುವುದಿಲ್ಲ. ಅದೇ ಸಾಲಿನ ಹಳದಿಯ ವರ್ಣಕೋನ ಅತಿ ತಿಳಿಯಾದಾಗ 102, ಗಾಢವಾಗುತ್ತ 54ರವರೆಗೆ, ಕಿತ್ತಳೆ-ಕಂದಿನತ್ತ ಸರಿಯುತ್ತದೆ. ಹಳದಿಯ ಮಟ್ಟಿಗೆ ಈ ಸರಿಸುವಿಕೆಯನ್ನು ನಾನು ಒಪ್ಪುತ್ತೇನೆ. ಉಳಿದ ವರ್ಣಗಳಲ್ಲಿ ಕೋನವನ್ನು ಮುಟ್ಟದೆ ಕ್ರೋಮಾವನ್ನಷ್ಟೇ ಇಳಿಸಿದರೆ ಸಾಕು.